‘ಪ್ರೇರಿತ ಆವೇಶ’ ಎಂದರೆ ಹೊಸದಾಗಿ ಬಂದ ಆವೇಶವೇ?

ಪ್ರಶ್ನೆ (ಅನುವಾದಕಿ, ಮೈಸೂರು)

ಬಳಗದವರಿಗೆ ನಮಸ್ಕಾರ. ಏಕರೂಪ ವಿದ್ಯುತ್ ಕ್ಷೇತ್ರದಲ್ಲಿ ಇಟ್ಟ ಲೋಹದ ಗೋಳದ ಬಗ್ಗೆ ಬಿ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಒಂದು ಪಾಠ ಬರೆಯುತ್ತಿದ್ದೇನೆ. ಗೋಳದ ಮೇಲ್ಮೈಯಲ್ಲಿ ಕಾಣಿಸಿಕೊಳ್ಳುವ ಆವೇಶವನ್ನು ‘ಪ್ರೇರಿತ ಆವೇಶ’ ಎಂದು ಕರೆದಿದ್ದೆ. ಕರಡು ಓದಿದ ಹುಡುಗಿಯೊಬ್ಬಳು, “ಪ್ರೇರಣೆಯಿಂದ ಗೋಳಕ್ಕೆ ಒಟ್ಟು ಎಷ್ಟು ಆವೇಶ ಬಂತು?” ಎಂದು ಕೇಳಿದಳು. ಎಲ್ಲಿಂದಲೂ ಏನೂ ಬಂದಿಲ್ಲ, ಇದ್ದದ್ದೇ ಸರಿದಿದೆ. ತಪ್ಪು ಅವಳದೋ, ಪದದ್ದೋ? ‘ಸ್ಥಾನಾಂತರಿತ ಆವೇಶ’ ಎಂದರೆ ಹೇಗೆ?

ಉತ್ತರ (ಸಂಸ್ಕೃತ ಅಧ್ಯಾಪಕರು, ಉಡುಪಿ)

ಪದ ನಿರಪರಾಧಿ. ‘ಈರ್’ ಧಾತುವಿಗೆ ಚಲಿಸು ಎಂಬ ಅರ್ಥವಿದೆ. ‘ಪ್ರ’ ಸೇರಿದರೆ ಮುಂದಕ್ಕೆ ತಳ್ಳು. ಆದ್ದರಿಂದ ‘ಪ್ರೇರಿತ’ ಎಂದರೆ ತಳ್ಳಲ್ಪಟ್ಟದ್ದು, ಹುಟ್ಟಿಸಿದ್ದಲ್ಲ. ಧನ ಕಣಗಳನ್ನು ಒಂದು ಬದಿಗೆ, ಋಣ ಕಣಗಳನ್ನು ಇನ್ನೊಂದು ಬದಿಗೆ ತಳ್ಳಿ, ಗೋಳದ ಅರ್ಧಕ್ಕೆ ಕೆಂಪು, ಅರ್ಧಕ್ಕೆ ನೀಲಿ ಬಳಿದಂತೆ ಸಮನಾಗಿ ಹರಡಿದ್ದಾರೆ ಎಂದು ವಿವರಿಸಿದರೆ ಸಾಕು.

ಉತ್ತರ (ನಿವೃತ್ತ ಭೌತಶಾಸ್ತ್ರ ಪ್ರಾಧ್ಯಾಪಕ, ಧಾರವಾಡ)

ಧಾತುವಿನ ವಿಷಯದಲ್ಲಿ ಗುರುಗಳ ಮಾತು ಒಪ್ಪುತ್ತೇನೆ, ಬಣ್ಣ ಬಳಿಯುವುದನ್ನು ಒಪ್ಪಲಾರೆ. ಲೋಹದಲ್ಲಿ ಸರಿಯುವುದು ಇಲೆಕ್ಟ್ರಾನುಗಳು ಮಾತ್ರ. ಅವು ಬಿಟ್ಟುಹೋದ ಕಡೆ ಧನ ಎನಿಸುತ್ತದೆ. ಹರಡುವಿಕೆ ಸಮನಾಗಿಯೂ ಇರುವುದಿಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರ ಶ್ರೇಣಿಯಲ್ಲೇ ಇದೆ. ಗೋಳದ ಹೊರಗಿನ ವಿಭವವನ್ನು ಕೋನದ ಶ್ರೇಣಿಯಾಗಿ ಬಿಡಿಸಿ ಬರೆಯಿರಿ:

V = Σ (Aₗ rˡ + Bₗ / rˡ⁺¹) Pₗ(cos θ)

ಬಹಳ ದೂರದಲ್ಲಿ ಇದು −E₀ r cos θ ಆಗಲೇಬೇಕು, ಹಾಗಾಗಿ A ಗಳಲ್ಲಿ A₁ ಒಂದೇ ಉಳಿಯುತ್ತದೆ. ಗೋಳದ ಮೇಲ್ಮೈಯಲ್ಲಿ ವಿಭವ ಎಲ್ಲೆಡೆ ಒಂದೇ ಇರಬೇಕಾದ್ದರಿಂದ B₁ = E₀R³, ಮೇಲಿನ B ಗಳೆಲ್ಲ ಸೊನ್ನೆ. ಬಾಕಿ ಇರುವುದು B₀. ಅದೇ ಗೋಳದ ಒಟ್ಟು ಆವೇಶದ ಲೆಕ್ಕದ ಪುಸ್ತಕ. ಆವೇಶವಿಲ್ಲದ ಗೋಳವನ್ನು ಇಟ್ಟಿದ್ದರೆ ಅದು ಸೊನ್ನೆಯಾಗಿಯೇ ಉಳಿಯುತ್ತದೆ. ಕ್ಷೇತ್ರ ಎಷ್ಟೇ ಬಲವಾಗಿದ್ದರೂ ಆ ಪದವನ್ನು ಮುಟ್ಟುವುದಿಲ್ಲ. (ನಾನು ಹೇಳುತ್ತಿರುವುದು ಶ್ರೇಣಿಯ ಪದ, ನಿಮ್ಮ ಪದಚರ್ಚೆಯ ಪದವಲ್ಲ!)

ಮೇಲ್ಮೈ ಆವೇಶ ಸಾಂದ್ರತೆ σ = 3ε₀E₀ cos θ ಎಂದು ಬರುತ್ತದೆ. ಧ್ರುವಗಳಲ್ಲಿ ಗರಿಷ್ಠ, ನಡುವಿನ ವೃತ್ತದಲ್ಲಿ ಸೊನ್ನೆ. ಗುರುಗಳ ಕೆಂಪು ನಡುವಿನತ್ತ ಬರುತ್ತ ತೆಳುವಾಗಿ ಮಾಸಿಹೋಗಬೇಕು. ಕ್ಷೇತ್ರ ಮೀಟರಿಗೆ 1 ಲಕ್ಷ ವೋಲ್ಟ್, ಗೋಳದ ತ್ರಿಜ್ಯ 5 ಸೆಂ.ಮೀ. ಎಂದುಕೊಳ್ಳಿ. ಒಂದು ಅರ್ಧದಲ್ಲಿ ಸುಮಾರು 21 ನ್ಯಾನೊಕೂಲಂಬ್ ಧನ, ಇನ್ನೊಂದರಲ್ಲಿ ಅಷ್ಟೇ ಋಣ. ಒಟ್ಟು ಸೊನ್ನೆ.

ಈಗ ‘ಸ್ಥಾನಾಂತರ’ಕ್ಕೆ ಬರೋಣ. ಗೋಳ ತಾಮ್ರದ್ದಾದರೆ, ಅದರ ಇಲೆಕ್ಟ್ರಾನ್ ಸಮೂಹವೆಲ್ಲ ಒಟ್ಟಾಗಿ ಸರಾಸರಿ 2 × 10⁻¹⁶ ಮೀಟರ್ ಜರುಗಿದರೆ ಇಷ್ಟು ಆವೇಶ ಕಾಣಿಸುತ್ತದೆ. ಅದು ಪರಮಾಣುವಿನ ನ್ಯೂಕ್ಲಿಯಸ್ಸಿಗಿಂತಲೂ ಚಿಕ್ಕ ದೂರ. ಇದನ್ನು ಸ್ಥಾನಾಂತರ ಎನ್ನುವುದು, ಕುರ್ಚಿಯಲ್ಲಿ ಕೂತಲ್ಲೇ ಮಿಸುಕಿದವನಿಗೆ ವರ್ಗಾವಣೆ ಆದೇಶ ಕೊಟ್ಟಂತೆ.

ಉತ್ತರ (ಪ್ರೌಢಶಾಲೆಯ ಶಿಕ್ಷಕಿ, ಚಿತ್ರದುರ್ಗ)

ಆದರೆ ನಾನು ತರಗತಿಯಲ್ಲಿ ಮಾಡಿ ತೋರಿಸುವುದೇ ಬೇರೆ. ಉಜ್ಜಿದ ಪ್ಲಾಸ್ಟಿಕ್ ಕಡ್ಡಿಯನ್ನು ಲೋಹದ ಗುಂಡಿನ ಹತ್ತಿರ ಹಿಡಿದು, ಗುಂಡನ್ನು ಬೆರಳಿನಿಂದ ಮುಟ್ಟಿ, ಬೆರಳು ತೆಗೆದು, ಆಮೇಲೆ ಕಡ್ಡಿ ತೆಗೆದರೆ ಗುಂಡಿನಲ್ಲಿ ನಿಜವಾಗಿಯೂ ಆವೇಶ ಉಳಿಯುತ್ತದೆ. ಅದಕ್ಕೂ ‘ಪ್ರೇರಣೆಯಿಂದ ಆವೇಶಗೊಳಿಸುವುದು’ ಎಂದೇ ಹೇಳುತ್ತೇವೆ. ಆ ಹುಡುಗಿ ಇದನ್ನು ನೆನಪಿಟ್ಟುಕೊಂಡೇ ಕೇಳಿರಬೇಕು.

ಉತ್ತರ (ಧಾರವಾಡ)

ಒಳ್ಳೆಯ ಗುರುತು ಹಿಡಿದಿರಿ ತಾಯಿ. ಅಲ್ಲಿ ನಿಮ್ಮ ಬೆರಳು B₀ ಯ ಬಾಗಿಲು ತೆರೆಯುತ್ತದೆ, ಆವೇಶ ಆ ದಾರಿಯಲ್ಲಿ ಬರುತ್ತದೆ. ಕಡ್ಡಿ ಕರೆದದ್ದು, ಬೆರಳು ಕೊಟ್ಟದ್ದು. ಏಕರೂಪ ಕ್ಷೇತ್ರದಲ್ಲಿ ಭೂಮಿಯ ವಿಭವವೇ ಇರುವ ಮಟ್ಟದಲ್ಲಿ ಗೋಳದ ಕೇಂದ್ರವಿದ್ದರೆ, ತೆಳು ತಂತಿಯಿಂದ ಭೂಮಿಗೆ ಜೋಡಿಸಿದರೂ ಏನೂ ಬರುವುದಿಲ್ಲ. ಆ ಮಟ್ಟದಿಂದ ಮೇಲಕ್ಕೋ ಕೆಳಕ್ಕೋ ಇದ್ದರೆ ಬರುತ್ತದೆ. ಎರಡಕ್ಕೂ ಒಂದೇ ಪದ ಬಳಸಿ ಗೊಂದಲ ಮಾಡಿದವರು ನಾವೇ, ಅಧ್ಯಾಪಕರು.

ಉತ್ತರ (ಉಡುಪಿ)

ಹಾಗಾದರೆ ಬೆರಳಿನ ಪ್ರಯೋಗಕ್ಕೆ ಬೇರೆ ಹೆಸರು ಕೊಡಿ, ‘ಪ್ರೇರಿತ’ವನ್ನು ಗೋಳಕ್ಕೆ ಬಿಡಿ. ‘ಆವಾಹಿತ ಆವೇಶ’?

ಉತ್ತರ (ಚಿತ್ರದುರ್ಗ)

ಮಕ್ಕಳು ದೇವರು ಮೈಮೇಲೆ ಬಂದಂತೆ ಎಂದುಕೊಳ್ಳುತ್ತಾರೆ. ‘ಆವೇಶ’ ಎಂಬ ಪದಕ್ಕೇ ಆ ಕಷ್ಟ ಮೊದಲಿನಿಂದ ಇದೆ!

ಪ್ರಶ್ನಿಸಿದವರಿಂದ

ಎಲ್ಲರಿಗೂ ವಂದನೆ. ‘ಪ್ರೇರಿತ’ವನ್ನೇ ಉಳಿಸಿಕೊಂಡು, “ಗೋಳದ ಒಟ್ಟು ಆವೇಶ ಬದಲಾಗುವುದಿಲ್ಲ” ಎಂಬ ವಾಕ್ಯವನ್ನು ಶ್ರೇಣಿಯ ಪಕ್ಕದಲ್ಲೇ ಸೇರಿಸಿದ್ದೇನೆ. ಹುಡುಗಿಗೆ ಓದಲು ಕೊಟ್ಟೆ. ಈಗ ಅವಳ ಹೊಸ ತಕರಾರು: ಗೋಳ ಇಟ್ಟ ಮೇಲೆ ಧ್ರುವದ ಬಳಿ ಕ್ಷೇತ್ರ ಮೂರು ಪಟ್ಟು, ನಡುವಿನ ವೃತ್ತದಲ್ಲಿ ಸೊನ್ನೆ, ಐದು ತ್ರಿಜ್ಯದಷ್ಟು ದೂರ ಹೋದರೂ ಅಕ್ಷದ ಮೇಲೆ 1.6 ಶೇಕಡಾ ವ್ಯತ್ಯಾಸ ಉಳಿಯುತ್ತದೆ. ಹಾಗಿರುವಾಗ ‘ಏಕರೂಪ ಕ್ಷೇತ್ರದಲ್ಲಿರುವ ಗೋಳ’ ಎಂಬ ಶೀರ್ಷಿಕೆ ಸರಿಯೇ? ‘ಏಕರೂಪವಾಗಿದ್ದ ಕ್ಷೇತ್ರಕ್ಕೆ ತಂದಿಟ್ಟ ಗೋಳ’ ಎಂದು ತಿದ್ದಿ ನೋಡಿದೆ. ಉದ್ದವಾಯಿತು. ಯಾರಿಗಾದರೂ ಚಿಕ್ಕದು ಹೊಳೆಯುತ್ತದೆಯೇ?