ಇಎಲ್ಎ ಹಾಕಿದರೆ ಹಕ್ಕಿಗಳೆಲ್ಲ ಹೊಳೆಯುತ್ತಿವೆ, ನನಗೆ ಅನುಮಾನ ಇರುವುದು ಎರಡರ ಮೇಲೆ ಮಾತ್ರ. ದಾರಿ ತೋರಿಸಿ

ಹಕ್ಕಿನೋಟ
ಮೂರು ದಿನದಿಂದ ಒಂದೇ ಫೋಟೋ ಮುಂದೆ ಕೂತಿದ್ದೇನೆ, ತಲೆ ಕೆಟ್ಟುಹೋಗಿದೆ. ನಮ್ಮ ಬಳಗದ ಸ್ಪರ್ಧೆಗೆ ಬಂದ ಚಿತ್ರ ಇದು. ಸಂಜೆಯ ಆಕಾಶ, ಕೆಳಗೆ ನೀರು, ಹನ್ನೊಂದು ಬೆಳ್ಳಕ್ಕಿಗಳು ಹಾರುತ್ತಿವೆ. ಎಡದಿಂದ ನಾಲ್ಕನೆಯದನ್ನೂ ಒಂಬತ್ತನೆಯದನ್ನೂ ನೋಡಿದರೆ ಒಂದೇ ಹಕ್ಕಿಯನ್ನು ಕನ್ನಡಿಯಲ್ಲಿ ನೋಡಿದ ಹಾಗಿದೆ. ರೆಕ್ಕೆಯ ತುದಿಯಲ್ಲಿ ಒಂದು ಗರಿ ಬಿಟ್ಟುಕೊಂಡಿದೆ, ಎರಡರಲ್ಲೂ ಅದೇ ಗರಿ. ಇಎಲ್ಎ ಹಾಕಿದೆ, ಅಂದರೆ ಜೆಪೆಗ್ ಅನ್ನು ಮತ್ತೆ ಸೇವ್ ಮಾಡಿ ಎಲ್ಲಿ ಎಷ್ಟು ಬದಲಾಯಿತು ಅಂತ ತೋರಿಸುವ ಎರರ್ ಲೆವೆಲ್ ಅನಾಲಿಸಿಸ್. ಹನ್ನೊಂದೂ ಬೆಳ್ಳಗೆ ಹೊಳೆಯುತ್ತವೆ, ಆಕಾಶ ಕಪ್ಪು. ಹಾಗಾದರೆ ಎಲ್ಲವನ್ನೂ ಅಂಟಿಸಿದ್ದಾರಾ? ಫೋಟೋದೊಳಗೆ ನಕಲಾದ ಜಾಗಗಳನ್ನು ಗೆರೆಯಿಂದ ಜೋಡಿಸಿ ತೋರಿಸುವ ಕ್ಲೋನ್ ಟೂಲ್ ಆಕಾಶದ ತುಂಬಾ ಗೆರೆ ಎಳೆಯುತ್ತದೆ, ಹಕ್ಕಿಗಳ ಮೇಲೆ ಒಂದೂ ಇಲ್ಲ. ನಾನು ಏನು ತಪ್ಪು ಮಾಡುತ್ತಿದ್ದೇನೆ ಹೇಳಿ.

ಬೆಳಕಿಂಡಿ
ಎಲ್ಲಾ ಹೊಳೆದರೆ ಎಲ್ಲಾ ಅಂಟಿಸಿದ್ದು, ಅದರಲ್ಲಿ ಯೋಚನೆ ಏನಿದೆ? ಇಎಲ್ಎ ಸುಮ್ನೆ ಹೊಳೆಯುವುದಿಲ್ಲ. ಮೂಲ ಫೋಟೋ ಖಾಲಿ ಆಕಾಶ, ಹಕ್ಕಿಗಳು ಬೇರೆ ಕಡೆಯಿಂದ ಬಂದಿವೆ. ಎಷ್ಟು ಕ್ವಾಲಿಟಿಯಲ್ಲಿ ಮತ್ತೆ ಸೇವ್ ಮಾಡಿ ನೋಡಿದಿರಿ? 95 ಇಡಬೇಕು, 90 ಇಟ್ಟರೆ ಎಲ್ಲಾ ಕಲಸಿಹೋಗುತ್ತದೆ.

ಹಕ್ಕಿನೋಟ
90 ಇಟ್ಟಿದ್ದೆ. ಈಗ 95 ಇಟ್ಟು ನೋಡಿದೆ, ಸ್ವಲ್ಪ ಮಂಕಾಯಿತು, ಆದರೆ ಚಿತ್ರ ಅದೇ.

ಎಂಟೆಂಟು
ಅಂಟಿಸಿದ್ದರಿಂದಲೇ ಹೊಳೆಯುತ್ತಿದೆ ಅಂತ ಹೇಳಲಾಗದು. ಕಪ್ಪು ಆಕಾಶದ ಎದುರು ಬಿಳಿ ಹಕ್ಕಿ ಇದ್ದರೆ ಅಂಚು ತುಂಬಾ ಚೂಪಾಗಿರುತ್ತದೆ. ಜೆಪೆಗ್ ಎಂಟು ಪಿಕ್ಸೆಲ್‌ಗೆ ಎಂಟು ಪಿಕ್ಸೆಲ್‌ನ ಚೌಕದಲ್ಲಿ ಕೆಲಸ ಮಾಡುತ್ತದೆ, ಚೂಪು ಅಂಚಿರುವ ಚೌಕದಲ್ಲಿ ಪ್ರತಿ ಸಲ ಸೇವ್ ಮಾಡಿದಾಗಲೂ ಬದಲಾಗುವುದು ಜಾಸ್ತಿ, ನುಣುಪು ಆಕಾಶದಲ್ಲಿ ಕಡಿಮೆ. ಕ್ಯಾಮೆರಾದಿಂದ ನೇರ ಬಂದ, ಯಾರೂ ಮುಟ್ಟದ ಫೋಟೋದಲ್ಲೂ ಹಕ್ಕಿ ಹೀಗೇ ಹೊಳೆಯುತ್ತದೆ. ಹಕ್ಕಿಯನ್ನು ಆಕಾಶದ ಜೊತೆ ಹೋಲಿಸಬೇಡಿ, ಹಕ್ಕಿಯನ್ನು ಹಕ್ಕಿಯ ಜೊತೆ ಹೋಲಿಸಿ. ನಾಲ್ಕು ಮತ್ತು ಒಂಬತ್ತು ಉಳಿದ ಒಂಬತ್ತು ಹಕ್ಕಿಗಿಂತ ಬೇರೆ ರೀತಿ ಹೊಳೆಯುತ್ತಿವೆಯಾ?

ಇನ್ನೊಂದು ಪ್ರಶ್ನೆ, ಇದು ಮೊದಲೇ ಹೇಳಬೇಕಿತ್ತು ನೀವು. ಫೈಲ್ ನಿಮ್ಮ ಕೈಗೆ ಹೇಗೆ ಬಂತು? ಅಳತೆ ಎಷ್ಟು?

ಹಕ್ಕಿನೋಟ
ಎಲ್ಲಾ ಒಂದೇ ರೀತಿ ಹೊಳೆಯುತ್ತಿವೆ ಸರ್, ವ್ಯತ್ಯಾಸ ಇಲ್ಲ. ಫೈಲ್ ನಮ್ಮ ಗುಂಪಿನಲ್ಲಿ ಫಾರ್ವರ್ಡ್ ಆಗಿದ್ದು, 1600 × 1067.

ಎಂಟೆಂಟು
ಅಲ್ಲೇ ಇರುವುದು ತೊಂದರೆ. ಮೆಸೇಜ್ ಆ್ಯಪ್ ಫೋಟೋವನ್ನು ಚಿಕ್ಕದು ಮಾಡಿ ಮತ್ತೆ ಜೆಪೆಗ್ ಮಾಡಿದೆ. ಚಿಕ್ಕದು ಮಾಡುವಾಗ ಹಳೆಯ ಚೌಕಗಳ ಗುರುತು ಹೋಯಿತು, ಫೋಟೋದಲ್ಲಿ ಕಾಳು ಕಾಳಾಗಿ ಕಾಣುವ ನಾಯ್ಸ್ ಅರ್ಧಕ್ಕಿಂತ ಜಾಸ್ತಿ ಅಳಿಸಿಹೋಯಿತು. ಈಗ ನೀವು ನೋಡುತ್ತಿರುವುದು ಆ್ಯಪ್ ಮಾಡಿದ ಜೆಪೆಗ್‌ನ ಇಎಲ್ಎ. ಸ್ಪರ್ಧೆಗೆ ಕಳಿಸಿದ ಮೂಲ ಫೈಲ್ ತೆಗೆದುಕೊಳ್ಳಿ, ಅದಿಲ್ಲದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಬೆಳಕಿಂಡಿ
ಇಎಲ್ಎಯನ್ನು ಇಷ್ಟು ತಳ್ಳಿಹಾಕಬೇಡಿ. ನೀಲ್ ಕ್ರಾವೆಟ್ಜ್ 2007ರಲ್ಲೇ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಇದನ್ನು ತೋರಿಸಿದ್ದಾರೆ, ಅಂಟಿಸಿದ ಭಾಗ ಎದ್ದು ಕಾಣುತ್ತದೆ. ನಾನೇ ಎಷ್ಟೋ ಸಲ ಹಿಡಿದಿದ್ದೇನೆ. ನನ್ನ ಹತ್ತಿರ ಹತ್ತು ಬಿಟ್ ಮಾನಿಟರ್ ಇದೆ, ಕ್ಯಾಲಿಬ್ರೇಟ್ ಮಾಡಿದ್ದು, ಅದರಲ್ಲಿ ನೋಡಿದರೆ ಸಣ್ಣ ವ್ಯತ್ಯಾಸವೂ ಗೊತ್ತಾಗುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಪರದೆಯಲ್ಲಿ ಈ ಕೆಲಸ ಮಾಡಲೇಬಾರದು.

ಎಂಟೆಂಟು
ಬೇರೆ ಫೋಟೋದಿಂದ ತಂದದ್ದಾದರೆ, ಅದರ ಜೆಪೆಗ್ ಇತಿಹಾಸ ಬೇರೆ ಇದ್ದರೆ, ಆಮೇಲೆ ಜಾಸ್ತಿ ಸಲ ಸೇವ್ ಮಾಡಿಲ್ಲದಿದ್ದರೆ ಎದ್ದು ಕಾಣುತ್ತದೆ, ಒಪ್ಪುತ್ತೇನೆ. ಇಲ್ಲಿ ಅನುಮಾನ ಇರುವುದು ಅದೇ ಫೋಟೋದ ಹಕ್ಕಿಯನ್ನು ಅದೇ ಫೋಟೋದಲ್ಲಿ ಇನ್ನೊಂದು ಕಡೆ ಇಟ್ಟಿದ್ದಾರೆ ಅಂತ. ಎರಡೂ ಒಂದೇ ಕ್ಯಾಮೆರಾ, ಒಂದೇ ಕ್ಲಿಕ್. ಕ್ಯಾಮೆರಾ ಬರೆದ, ಇನ್ನೂ ಜೆಪೆಗ್ ಆಗದ ರಾ ಫೈಲ್ ತೆರೆದು ಕ್ಲೋನ್ ಮಾಡಿ ಒಂದೇ ಸಲ ಜೆಪೆಗ್ ಮಾಡಿದ್ದರೆ ಇಎಲ್ಎಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಮಾನಿಟರ್ ಎಷ್ಟು ಬಿಟ್ ಇದ್ದರೂ ಇಲ್ಲದ್ದು ಕಾಣುವುದಿಲ್ಲ.

ಇಎಲ್ಎ ಒಂದನ್ನೇ ನಂಬಿದರೆ ಏನಾಗುತ್ತದೆ ಅಂತ 2013ರಲ್ಲೇ ಕಂಡಿದ್ದೇವೆ. ವರ್ಲ್ಡ್ ಪ್ರೆಸ್ ಫೋಟೋ ಗೆದ್ದ ಪಾಲ್ ಹ್ಯಾನ್ಸನ್ ಅವರ ಗಾಜಾ ಚಿತ್ರವನ್ನು ಹಲವು ಫೋಟೋ ಸೇರಿಸಿದ್ದು ಅಂತ ಇದೇ ಕ್ರಾವೆಟ್ಜ್ ಇಎಲ್ಎ ತೋರಿಸಿ ಬರೆದರು. ತಜ್ಞರು ರಾ ಫೈಲ್ ಜೊತೆ ಪಕ್ಕ ಪಕ್ಕ ಇಟ್ಟು ನೋಡಿದಾಗ ಬೆಳಕು ಬಣ್ಣ ತಿದ್ದಿದ್ದು ಬಿಟ್ಟರೆ ಯಾವುದನ್ನೂ ಸೇರಿಸಿರಲಿಲ್ಲ.

ಹಳೆಕಡತ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ಒಂದು ಹಳೆಯ ಪತ್ರದ ಸ್ಕ್ಯಾನ್ ಇದೆ, ಪಿಎನ್‌ಜಿ. ಅದರಲ್ಲಿ ಸಹಿಯ ಸುತ್ತ ಇಎಲ್ಎ ಹೊಳೆಯುತ್ತದೆ. ಸಹಿ ಅಂಟಿಸಿದ್ದು ಅಂತ ಹೇಳಬಹುದಾ?

ಕಣ್ಣಂಚು
ಹಕ್ಕಿನೋಟ ಅವರೇ, ಇಎಲ್ಎ ಬಿಡಿ, ನಾಯ್ಸ್ ನೋಡಿ. ಅಂಟಿಸಿದ ಭಾಗದ ನಾಯ್ಸ್ ಸುತ್ತಲಿನದಕ್ಕೆ ಹೊಂದುವುದಿಲ್ಲ. ನಾನು ಯಾವಾಗಲೂ ಮಸುಕು ಮಾಡಿದ ಪ್ರತಿಯನ್ನು ಮೂಲದಿಂದ ಕಳೆದು, ಉಳಿದದ್ದನ್ನು ಹಿಗ್ಗಿಸಿ ನೋಡುತ್ತೇನೆ. ನೀರಿನಲ್ಲಿ ಜಾಸ್ತಿ, ಆಕಾಶದಲ್ಲಿ ಕಡಿಮೆ ಇದ್ದರೆ ಆಕಾಶವನ್ನೇ ಬದಲಿಸಿದ್ದಾರೆ ಅಂತ.

ಎಂಟೆಂಟು
ಕಣ್ಣಂಚು, ಮೊದಲರ್ಧ ಸರಿ. ನೀರು ಮತ್ತು ಆಕಾಶ ಹೋಲಿಸುವುದು ಸರಿಯಲ್ಲ. ಬೆಳಕು ಬದಲಾದ ಹಾಗೆ ನಾಯ್ಸ್ ಬದಲಾಗುತ್ತದೆ, ಮೇಲಾಗಿ ಅಲೆಯ ಗೆರೆಗಳೂ ನಾಯ್ಸ್ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ. ಒಂದೇ ಬೆಳಕಿನ, ಒಂದೇ ನುಣುಪಿನ ಜಾಗಗಳನ್ನು ಹೋಲಿಸಿ. ಆಕಾಶದ ಒಂದೇ ಎತ್ತರದಲ್ಲಿ ಹತ್ತು ಕಡೆ 64 ಪಿಕ್ಸೆಲ್ ಚೌಕ ತೆಗೆದು ನೋಡುವುದು ಒಳ್ಳೆಯದು.

ಕಣ್ಣಂಚು
ನಾನು ಮಾಡುವ ಕೆಲಸದಲ್ಲಿ ಇದುವರೆಗೆ ತಪ್ಪಿಲ್ಲ. ಆದರೂ ಒಂದೇ ಬೆಳಕು ಅನ್ನುವ ಮಾತು ಒಪ್ಪುತ್ತೇನೆ.

ಹಕ್ಕಿನೋಟ
ಮೂಲ ಫೈಲ್ ಸಿಕ್ಕಿತು! 6000 × 4000. ಇಎಲ್ಎ ಇದರಲ್ಲೂ ಹಾಗೇ, ಹನ್ನೊಂದೂ ಸಮ. ಒಂದೇ ಎತ್ತರದ ಚೌಕಗಳನ್ನು ತೆಗೆದು ಮಸುಕು ಪ್ರತಿ ಕಳೆದೆ. ನಾಯ್ಸ್ ಎಷ್ಟಿದೆ ಅಂತ ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್ ಎಲ್ಲಾ ಕಡೆ 2.9ರಿಂದ 3.2. ನಾಲ್ಕನೆಯ ಹಕ್ಕಿ ಪಕ್ಕ 3.0, ಒಂಬತ್ತನೆಯದರ ಪಕ್ಕ 3.1. ಅಂದರೆ ಎರಡೂ ನಿಜವಾ? ಆದರೆ ಏಳನೆಯ ಹಕ್ಕಿ ಸುತ್ತ 1.3 ಬರುತ್ತಿದೆ! ಅದರ ಮೇಲೆ ನನಗೆ ಅನುಮಾನವೇ ಇರಲಿಲ್ಲ.

ಎಂಟೆಂಟು
ಏಳನೆಯದು ಆಮೇಲೆ. ನಾಲ್ಕು ಮತ್ತು ಒಂಬತ್ತರಲ್ಲಿ ನಾಯ್ಸ್ ಎಷ್ಟಿದೆ ಅನ್ನುವುದು ಉಪಯೋಗಕ್ಕೆ ಬರುವುದಿಲ್ಲ, ಒಂದೇ ಫೋಟೋದಿಂದ ತೆಗೆದದ್ದು ಅಷ್ಟೇ ನಾಯ್ಸ್ ಹೊತ್ತು ತರುತ್ತದೆ. ನೋಡಬೇಕಾದ್ದು ನಾಯ್ಸ್‌ನ ಕಾಳುಗಳೇ ಒಂದೇ ಆಗಿವೆಯಾ ಅಂತ. ಎರಡು ಹಕ್ಕಿ ಒಂದೇ ಭಂಗಿಯಲ್ಲಿ ಹಾರಬಹುದು, ಗರಿಯೂ ಒಂದೇ ರೀತಿ ಬಿಟ್ಟುಕೊಂಡಿರಬಹುದು. ಅವುಗಳ ಪಕ್ಕದ ಖಾಲಿ ಆಕಾಶದಲ್ಲಿ ಸಾವಿರಾರು ಕಾಳುಗಳು ಒಂದೇ ಕ್ರಮದಲ್ಲಿ ಬೀಳುವುದಿಲ್ಲ. ಹಕ್ಕಿಯನ್ನು ಎತ್ತಿದವರು ಅಂಚಿನ ಸುತ್ತ ಸ್ವಲ್ಪ ಆಕಾಶವನ್ನೂ ಎತ್ತಿರುತ್ತಾರೆ, ನಮಗೆ ಬೇಕಾದ್ದು ಆ ಚೂರು.

ನಿಮ್ಮ ಟೂಲ್‌ಗೆ ಸಿಗದಿದ್ದಕ್ಕೆ ಕಾರಣ ನೀವೇ ಹೇಳಿದ್ದೀರಿ, ಕನ್ನಡಿ. ಸುಮಾರು ಟೂಲ್‌ಗಳು ಜರುಗಿಸಿದ್ದನ್ನು ಹುಡುಕುತ್ತವೆ, ತಿರುಗಿಸಿದ್ದನ್ನಲ್ಲ. ಆಕಾಶದ ಗೆರೆಗಳು ನುಣುಪು ಜಾಗದ ಸುಳ್ಳು ಹೊಂದಿಕೆ, ದಿಕ್ಕು ದಿಕ್ಕಿಗೆ ಹೋಗಿರುತ್ತವೆ. ತಿರುಗಿಸದೆ ಬರೀ ಜರುಗಿಸಿದ ನಿಜವಾದ ಕ್ಲೋನ್ ಆದರೆ ಗೆರೆಗಳೆಲ್ಲ ಒಂದೇ ದಿಕ್ಕು, ಒಂದೇ ಉದ್ದ.

ಪೂರ್ತಿ ಚಿತ್ರವನ್ನು ಅಡ್ಡಕ್ಕೆ ತಿರುಗಿಸಿ, ನಾಲ್ಕನೆಯ ಹಕ್ಕಿಗೆ ಅಂಟಿಕೊಂಡ 48 ಪಿಕ್ಸೆಲ್ ಆಕಾಶವನ್ನು ಅದರಲ್ಲಿ ಹುಡುಕಿ. ಚೌಕದೊಳಗೆ ರೆಕ್ಕೆ ಬರಬಾರದು, ಬಂದರೆ ಅಂಚಿಗೆ ಅಂಚು ಹೊಂದಿ ಮೋಸವಾಗುತ್ತದೆ.

```python
import cv2
x, y = 1890, 1322   # ಚೌಕದ ಎಡ ಮೇಲಿನ ಮೂಲೆ
a = cv2.imread("photo.jpg", 0).astype("float32")
r = a - cv2.GaussianBlur(a, (0, 0), 1.5)
p = r[y:y+48, x:x+48]
m = cv2.matchTemplate(cv2.flip(r, 1), p, cv2.TM_CCOEFF_NORMED)
print(cv2.minMaxLoc(m))
```

ಸಾಲಿನಲ್ಲಿ ಎರಡನೆಯ ಅಂಕಿ ಹೊಂದಿಕೆ, ಕೊನೆಯದು ಜಾಗ. ಪೂರ್ತಿ ಬಿಳಿಯಾಗಿ ಸುಟ್ಟುಹೋದ ಭಾಗ ಇದ್ದರೆ ಅಲ್ಲಿ ಅರ್ಥವಿಲ್ಲದ ಅಂಕಿ ಬರುತ್ತದೆ, ನಂಬಬೇಡಿ. x, y ನಿಮ್ಮ ಫೋಟೋಗೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಬೆಳಕಿಂಡಿ
ಕೋಡ್ ಬೇಕಾಗಿಲ್ಲ. ಮೆಟಾಡೇಟಾದಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಹೆಸರು ಇದೆಯಾ ನೋಡಿ, ಇದ್ದರೆ ಮುಗಿಯಿತು.

ಕಣ್ಣಂಚು
ರಾ ತೆಗೆಯುವ ನಮ್ಮೆಲ್ಲರ ಫೈಲ್‌ನಲ್ಲೂ ಆ ಹೆಸರು ಇರುತ್ತದೆ. ಹಾಗೆ ನೋಡಿದರೆ ನಿಮ್ಮ ಫೋಟೋಗಳೂ ಕಳ್ಳ ಫೋಟೋಗಳೇ ಆಗಬೇಕು.

ಹಕ್ಕಿನೋಟ
ಮೊದಲು ಗೊತ್ತಾಗದೆ ಫಾರ್ವರ್ಡ್ ಪ್ರತಿಯ ಮೇಲೇ ಓಡಿಸಿದೆ. ಅತಿ ಹೆಚ್ಚು 0.19, ಜಾಗ ನೋಡಿದರೆ ನೀರಿನಲ್ಲೆಲ್ಲೋ. ಆಮೇಲೆ ಮೂಲ ಫೈಲ್ ಮೇಲೆ ಓಡಿಸಿದೆ. 0.61, ಜಾಗ (1874, 1210). ಇದು ತಿರುಗಿಸಿದ ಚಿತ್ರದ ಜಾಗ ತಾನೇ? 6000ದಿಂದ 1874, ಇನ್ನೂ 48 ಕಳೆದರೆ 4078. ಒಂಬತ್ತನೆಯ ಹಕ್ಕಿಯ ಪಕ್ಕದಲ್ಲೇ ಬಂದು ಕೂತಿದೆ!! ಕೈ ನಡುಗುತ್ತಿದೆ.

ಎಂಟೆಂಟು
ಚೆನ್ನಾಗಿದೆ, ಆದರೆ ಅದೊಂದೇ ಅಂಕಿ ಹಿಡಿದು ಯಾರ ಮೇಲೂ ಆರೋಪ ಮಾಡಬೇಡಿ. ಬೇರೆ ಹಕ್ಕಿಗಳ ಪಕ್ಕದ ಆಕಾಶದಿಂದ ಐದಾರು ಚೌಕ ತೆಗೆದು ಇದೇ ರೀತಿ ಹುಡುಕಿ. ಜೆಪೆಗ್ ಚೌಕಗಳ ಗೆರೆ ಫೋಟೋದ ತುಂಬಾ ಇರುತ್ತದೆ, ಅದರಿಂದಲೇ ಸ್ವಲ್ಪ ಹೊಂದಿಕೆ ಬಂದುಬಿಡಬಹುದು. ಹಾಗೆ ಬಂದದ್ದಾದರೆ ಎಂಟೆಂಟು ಪಿಕ್ಸೆಲ್‌ಗೆ ಒಂದೊಂದು ಗುಡ್ಡ ಕಾಣುತ್ತದೆ. ಕ್ಲೋನ್ ಆದರೆ ಒಂದೇ ಒಂದು ಚೂಪು ಶಿಖರ, ಪಕ್ಕದ ಎರಡು ಪಿಕ್ಸೆಲ್ ಸರಿದರೆ ಬಿದ್ದುಹೋಗುತ್ತದೆ.

ಹಕ್ಕಿನೋಟ
ಆರು ಚೌಕ ನೋಡಿದೆ. ಹೆಚ್ಚೆಂದರೆ 0.14, ಎಲ್ಲೆಲ್ಲೋ ಚೆಲ್ಲಿದ ಹಾಗೆ. ನಾಲ್ಕರ ಇನ್ನೊಂದು ಬದಿಯ ಆಕಾಶ ತೆಗೆದರೆ 0.57, ಅದೂ ಒಂಬತ್ತರ ಪಕ್ಕ, ಸರಿಯಾಗಿ ಕನ್ನಡಿ ಲೆಕ್ಕದಲ್ಲಿ. ಹಕ್ಕಿಯಿಂದ ನೂರು ಪಿಕ್ಸೆಲ್ ದೂರ ಹೋದರೆ ಹೊಂದಿಕೆ ಇಲ್ಲ. ಶಿಖರ ಒಂದೇ, ಮೂರು ಪಿಕ್ಸೆಲ್ ಸರಿದರೆ 0.1ಕ್ಕಿಂತ ಕೆಳಗೆ.

ಎಂಟೆಂಟು
ಹಾಗಾದರೆ ಆ ಎರಡರಲ್ಲಿ ಒಂದು ಇನ್ನೊಂದರ ಪ್ರತಿ. ಯಾವುದು ಮೂಲ ಅಂತ ಈ ಅಂಕಿ ಹೇಳುವುದಿಲ್ಲ. ದೊಡ್ಡದು ಚಿಕ್ಕದು ಮಾಡಿ ಅಂಟಿಸಿದ್ದರೆ ಹೊಂದಿಕೆ ಇಷ್ಟು ಸಿಗುತ್ತಿರಲಿಲ್ಲ, ನಿಮಗೆ ಅನುಕೂಲವಾಯಿತು.

ಕಣ್ಣಂಚು
ಏಳನೆಯ ಹಕ್ಕಿ? ಅಲ್ಲಿ 1.3 ಇದೆಯಲ್ಲ. ಅದು ಖಂಡಿತ ಬೇರೆ ಫೋಟೋದಿಂದ ತಂದದ್ದು. ಅಳತೆ ಬದಲಿಸುವಾಗ ನಾಯ್ಸ್ ನಯವಾಗುತ್ತದೆ.

ಎಂಟೆಂಟು
ಇರಬಹುದು. ಆ ಹಕ್ಕಿಯ ಸುತ್ತ ಬ್ರಷ್‌ನಿಂದ ನಾಯ್ಸ್ ತೆಗೆದಿದ್ದರೂ ಇದೇ 1.3 ಬರುತ್ತದೆ. ಚೆನ್ನಾಗಿ ಕಾಣಲಿ ಅಂತ ಮುಖ್ಯ ಹಕ್ಕಿಗೆ ಸುಮಾರು ಜನ ಹಾಗೆ ಮಾಡುತ್ತಾರೆ. ಜೆಪೆಗ್ ಒಂದರಿಂದ ಈ ಎರಡನ್ನು ಬೇರೆ ಮಾಡಲು ನನಗಂತೂ ದಾರಿ ಕಾಣುತ್ತಿಲ್ಲ. ರಾ ಫೈಲ್ ಕೇಳಿ. ಅದರಲ್ಲಿ ಎಷ್ಟು ಹಕ್ಕಿ ಇವೆ ಅಂತ ಎಣಿಸಿದರೆ ಆಯಿತು.

ಕಣ್ಣಂಚು
ಬ್ರಷ್ ಆಗಿದ್ದರೆ ಅಂಚು ಮೆಲ್ಲಗೆ ಕರಗುತ್ತದೆ, ಅಂಟಿಸಿದ್ದಾದರೆ ಗೆರೆ ಸಿಗುತ್ತದೆ.

ಎಂಟೆಂಟು
ಅಂಟಿಸುವವರೂ ಅಂಚು ಕರಗಿಸುತ್ತಾರೆ.

ಹಕ್ಕಿನೋಟ
ರಾ ಫೈಲ್ ಕೇಳಿ ಕಳಿಸಿದ್ದೇನೆ. "ಕಾರ್ಡ್‌ನಲ್ಲಿದೆ, ಹುಡುಕುತ್ತೇನೆ" ಅಂದಿದ್ದಾರೆ. ಎರಡು ದಿನ ಆಯಿತು. ಬಂದ ತಕ್ಷಣ ಇಲ್ಲೇ ಬರೆಯುತ್ತೇನೆ.

ಹಳೆಕಡತ
ನನ್ನ ಸಹಿಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಎಂಟೆಂಟು
ನಿಮ್ಮದು ಪಿಎನ್‌ಜಿ, ಜೆಪೆಗ್ ಆಗಿತ್ತೋ ಇಲ್ಲವೋ ಅನ್ನುವುದೇ ಗೊತ್ತಿಲ್ಲ. ಬಿಳಿ ಕಾಗದದ ಮೇಲೆ ಕಪ್ಪು ಶಾಯಿ ಇದ್ದರೆ ಅಂಚು ಹೊಳೆಯಲೇಬೇಕು. ಅದೇ ಪತ್ರದ ಉಳಿದ ಅಕ್ಷರಗಳೂ ಹಾಗೇ ಹೊಳೆಯುತ್ತವೆಯಾ ನೋಡಿ, ಹೊಸ ಚರ್ಚೆ ತೆರೆಯಿರಿ, ಅಲ್ಲಿ ಬರುತ್ತೇನೆ.