ಅಪ್‌ಡೇಟ್: ಗೆರೆ ಪರವಲಯಕ್ಕ ಒಂದೇ ಕಡೆ ಯಾಕ ಮುಟ್ತು

ನನ್ನ ಪ್ರಶ್ನೆ: "y = x² − 4x + 5, y = 2x − 4. ಉತ್ತರ ಎರಡು ಬರಬೇಕಲ್ಲ, x = 3 ಒಂದೇ ಯಾಕ ಬಂತ್ರಿ?"

ಲೆಕ್ಕ ತಪ್ಪಿರಲಿಲ್ಲ. y ಜಾಗಕ್ಕ 2x − 4 ಹಾಕಿದ್ರ x² − 6x + 9 = 0, ಅಂದ್ರ (x − 3)² = 0. ಮೂಲ ಎರಡೂ 3, ಬಿಂದು (3, 2).

ಪರವಲಯದ y ಒಳಗ ಗೆರೆಯ y ಕಳದ್ರ ಉಳಿಯೋದು (x − 3)². ಇದು ಎಂದೂ ಋಣ ಆಗೂದಿಲ್ಲ. ಹಂಗಾಗಿ ಪರವಲಯ ಗೆರೆಯ ಮ್ಯಾಲಿನ ಕಡೆಯಿಂದ ಹತ್ರ ಬಂದು, ಮುಟ್ಟಿ, ತಿರುಗಿ ಗೆರೆಯ ಮ್ಯಾಲಿನ ಕಡೆನೇ ದೂರ ಹೋಗತೈತಿ, ದಾಟೂದಿಲ್ಲ. ಗೆರೆ ಅಲ್ಲಿ ಸ್ಪರ್ಶಕ.

ಎರಡು ಮೂಲ ಕೂಡೋದು ನೋಡಬೇಕಂದ್ರ ಗೆರೆಯನ್ನ ಸ್ವಲ್ಪ ಎತ್ರಿ. y = 2x − 3 ಇಟ್ರ x = 2 ಮತ್ತು 4. y = 2x − 3.99 ಇಟ್ರ 2.9 ಮತ್ತು 3.1. ಇಳಿಸಿದಂಗ ಎರಡೂ 3ರ ಕಡೆ ಸರೀತಾವ. −4ಕ್ಕಿಂತ ಕೆಳಗ ಇಳಿಸಿದ್ರ ಶೋಧಕ, ಅಂದ್ರ b² − 4ac, ಋಣ, ಗೆರೆ ಮುಟ್ಟೂದೇ ಇಲ್ಲ.

ನಕ್ಷೆ ಒಂದನ್ನೇ ನಂಬಬ್ಯಾಡ್ರಿ. 1 ಮಾನಕ್ಕ 1 ಸೆಂ.ಮೀ. ಹಿಡಿದ್ರ, x = 2.9ರಿಂದ 3.1ರೊಳಗ ಆ 3.99ರ ಗೆರೆಗೂ ಪರವಲಯಕ್ಕೂ ನಡುವ ಅಂತರ ಹೆಚ್ಚಂದ್ರ 0.1 ಮಿ.ಮೀ., ಅದು ಪೆನ್ಸಿಲ್ ಗೆರೆಯೊಳಗ ಮುಚ್ಚಿಹೋಗತೈತಿ. ಹುಡುಗರಿಗೆ ಹೇಳೋರು ಶೋಧಕ ತೆಗಸ್ರಿ: ನನ್ನ ಪ್ರಶ್ನೆಯ ಗೆರೆಗೆ 36 − 36 = 0.

ಹೆಚ್ಚು ಎಡವೋದು −4ರ ಚಿಹ್ನೆಯೊಳಗ. ಅದು ಎಡಕ್ಕ ಬಂದಾಗ +4 ಆಗಬೇಕು. ಮರೆತ್ರ x² − 6x + 1 ಬಂದು ಸುಳ್ಳು ಬಿಂದು ಎರಡು ಸಿಗತಾವ. x ಬೆಲೆಯನ್ನ ಎರಡೂ ಸಮೀಕರಣಕ್ಕ ಹಾಕಿದ್ರ y ಬ್ಯಾರೆ ಬ್ಯಾರೆ ಬರತೈತಿ, ತಪ್ಪು ಅಲ್ಲೇ ಸಿಕ್ಕಂಗ.

ಇನ್ನೊಂದು: x = 3 ಅನ್ನೋ ನೆಟ್ಟಗಿನ ಗೆರೆನೂ ಒಂದೇ ಕಡೆ ಕೂಡತೈತಿ, ಆದ್ರ ಅದು ಪರವಲಯನ ದಾಟಿ ಹೋಗತೈತಿ. ಅಲ್ಲಿ ವರ್ಗ ಸಮೀಕರಣನ ಇಲ್ಲ, ಜೋಡಿ ಮೂಲನೂ ಇಲ್ಲ.