ಸಹಾಯ ಬೇಕ್ರೀ: ಸುತ್ತಿ ಕೇಳುವ ಪ್ರಶ್ನೆಯಲ್ಲಿ ಪದಗಳ ಕ್ರಮ

ಧಾರವಾಡದಲ್ಲಿ ಸ್ಪೋಕನ್ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡಿಸುವ ನಾವು ಬಾಯಿಪಾಠದ ಅಭ್ಯಾಸ ಹುಡುಕ್ತಿದ್ದೇವೆ. ಬರೆಯುವಾಗ ಸರಿ ಇರುವವರೂ ಮಾತಾಡುವಾಗ ಇಲ್ಲೇ ಎಡವುತ್ತಾರೆ.

ಪರೀಕ್ಷಕರು ಹೇಳಿದ ಪದ ತಿಳಿಯದಿದ್ದಾಗ ‘ವಾಟ್ ಡಸ್ ದಿಸ್ ವರ್ಡ್ ಮೀನ್?’ ಅಂತ ನೇರವಾಗಿ ಕೇಳಿದರೆ ಸರಿ. ಆದರೆ ವಿನಯಕ್ಕೆಂದು ಅದರ ಮುಂದೆ ‘ಕುಡ್ ಯು ಟೆಲ್ ಮಿ’ ಸೇರಿಸಿ, ಉಳಿದದ್ದನ್ನು ಹಾಗೇ ಬಿಡುತ್ತಾರೆ. ಅಲ್ಲೇ ತಪ್ಪು. ಪ್ರಶ್ನೆಯ ಕೆಲಸವನ್ನು ‘ಕುಡ್ ಯು’ ಆಗಲೇ ಮುಗಿಸಿರುತ್ತದೆ. ಒಳಗಿನ ಭಾಗ ಸಾದಾ ವಾಕ್ಯವಾಗಬೇಕು. ‘ಡಸ್’ ಬಿಡಬೇಕು, ಅದು ಹೊತ್ತಿದ್ದ ‘ಸ್’ ಕ್ರಿಯಾಪದಕ್ಕೆ ಬರಬೇಕು: ‘ಕುಡ್ ಯು ಟೆಲ್ ಮಿ ವಾಟ್ ದಿಸ್ ವರ್ಡ್ ಮೀನ್ಸ್?’ ‘ಡಸ್’ ಬಿಟ್ಟು ‘ಮೀನ್’ ಅಂತಲೇ ನಿಲ್ಲಿಸುವುದು ಎರಡನೇ ತಪ್ಪು, ಇದು ಕಿವಿಗೆ ಬೇಗ ಸಿಗುವುದಿಲ್ಲ.

ಕಾರಣ ನಮ್ಮ ಮಾತಿನಲ್ಲೇ ಇದೆ. ‘ಬಸ್ ಎಲ್ಲಿ ನಿಂದರ್ತೈತಿ?’ ಅನ್ನುವುದಕ್ಕೆ ‘ಅಂತ ಗೊತ್ತೈತೇನ್ರಿ?’ ಸೇರಿಸಿದರೆ ಒಳಗೆ ಏನೂ ಬದಲಾಗುವುದಿಲ್ಲ. ಆ ರೂಢಿ ಇಂಗ್ಲಿಷಿಗೂ ಬರುತ್ತದೆ.

‘ಹೂ ಟೀಚಸ್ ಹಿಯರ್?’ ತರಹದ ಪ್ರಶ್ನೆಯಲ್ಲಿ ‘ಹೂ’ ಕರ್ತೃವೇ ಆದ್ದರಿಂದ ಕ್ರಮ ಬದಲಾಗದು. ಅಂಥವನ್ನು ಮೊದಲ ವಾರ ಬೆರೆಸಬೇಡಿ, ಗೊಂದಲವಾಗುತ್ತದೆ.

ನಮಗೆ ಬೇಕಾದದ್ದು: ‘ಡು, ಡಸ್, ಡಿಡ್’ ಇರುವ ನೇರ ಪ್ರಶ್ನೆಗಳ ಧ್ವನಿಮುದ್ರಣ, ಪ್ರತಿಯೊಂದರ ನಂತರ ಐದು ಸೆಕೆಂಡ್ ಖಾಲಿ, ಆಮೇಲೆ ಸರಿಯಾದ ಸುತ್ತು ಪ್ರಶ್ನೆ. ಹುಬ್ಬಳ್ಳಿ, ಗದಗ ಕಡೆ ಯಾರಾದರೂ ಮಾಡಿಟ್ಟಿದ್ದರೆ ಹಂಚಿಕೊಳ್ಳಿ. ‘ಡಿಡ್’ ವಾಕ್ಯಗಳು ಹೆಚ್ಚಿರಲಿ: ‘ವೆನ್ ಡಿಡ್ ಹಿ ಗೋ’ ಇದ್ದದ್ದು ‘ವೆನ್ ಹಿ ವೆಂಟ್’ ಆಗುವಲ್ಲಿ ನಾಲಿಗೆ ಹೆಚ್ಚು ತೊಡರುತ್ತದೆ.